ಮೊಂಡು ಪೆನ್ಸಿಲ್ಲೇ ಖರೀದಿಯ ಪಟ್ಟಿ
ಮನೆಯಲ್ಲೊಂದು ಡಬ್ಬಿಯಲ್ಲಿ ಹೆಚ್ಚುವರಿ ಪೆನ್ಸಿಲ್, ರಬ್ಬರ್, ಮೆಂಡರ್‌ಗಳನ್ನಿಟ್ಟು, ಸಂಜೆ ಮಗುವಿನ ಬ್ಯಾಗ್ ಪರಿಶೀಲಿಸುವಾಗ ಹೊಸದನ್ನು ತೆಗೆದರೆ ಅದರ ಜಾಗದಲ್ಲಿ ಸವೆದ ಹಳೆಯದನ್ನು ಹಾಕಿಡಿ. ಸಂತೆಯ ದಿನ ಡಬ್ಬಿ ತೆರೆದರೆ, ಒಳಗಿರುವ ಮೊಂಡು ತುಂಡುಗಳೇ ಏನನ್ನು ಎಷ್ಟು ಕೊಳ್ಳಬೇಕೆಂದು ತಿಳಿಸುತ್ತವೆ. ಆದರೆ ರಬ್ಬರ್ ಮತ್ತು ಮೆಂಡರ್ ಸವೆಯುವುದಕ್ಕಿಂತ ಕಳೆದುಹೋಗುವುದೇ ಹೆಚ್ಚಾದ್ದರಿಂದ ಅವುಗಳ ವಿಷಯದಲ್ಲಿ ಈ ಕ್ರಮ ಸೋಲುತ್ತದೆ; ಅವುಗಳ ಬದಲಿಗೆ ಹೆಸರು ಬರೆದ ಚೀಟಿಯನ್ನು ಹಾಕಬೇಕು. ನೋಟ್‌ಪುಸ್ತಕದಲ್ಲಿ ನಾಲ್ಕು ಹಾಳೆ ಉಳಿದಾಗಲೇ ಅದಕ್ಕೂ ಒಂದು ಚೀಟಿ ಸೇರಲಿ. ನಮ್ಮ ಕೊಡಗಿನ ಮಳೆಗಾಲದಲ್ಲಿ ಸಂತೆಗೆ ಹೋಗುವುದು ತಪ್ಪಬಹುದಾದ್ದರಿಂದ ಎರಡು ವಾರಕ್ಕಾಗುವಷ್ಟು ಸಾಮಾನು ಇರಿಸಿಕೊಳ್ಳುವುದು ಒಳ್ಳೆಯದು. ಆ ತಿಂಗಳುಗಳಲ್ಲಿ ಬ್ಯಾಗನ್ನು ಸಂಜೆಯೇ ಪೂರ್ತಿ ಖಾಲಿ ಮಾಡಿ ಒಲೆಯ ಬಳಿ ಒಣಗಿಸಿ, ಮರುದಿನದ ವೇಳಾಪಟ್ಟಿಯ ಪುಸ್ತಕಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೆಳಿಗ್ಗೆ ತುಂಬಿರಿ. ಒದ್ದೆ ಬ್ಯಾಗಿನಲ್ಲಿ ರಾತ್ರಿಯಿಡೀ ಉಳಿದ ಹಾಳೆಗಳು ತೇವ ಹೀರಿ ಪೆನ್ಸಿಲ್ ತಾಗಿದೊಡನೆ ಹರಿಯುತ್ತವೆ.