ಹುತ್ತರಿ ಕೂಟದಲ್ಲಿ ಹೊಸ ಮನೆಗಳಿಗೆ ಮೂರು ನಿಮಿಷದ ಸ್ವಾಗತ

ವಿರಾಜಪೇಟೆಯ ಅಂಚಿನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹುತ್ತರಿ ಕೂಟ ನಡೆಯುವುದು ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ದಿನವಲ್ಲ, ಅದರ ನಂತರದ ಭಾನುವಾರ. ಕೊಡಗಿನವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಹುತ್ತರಿಯ ರಾತ್ರಿ ಕೊಡವ ಕುಟುಂಬಗಳು ತಮ್ಮ ಮೂಲ ಮನೆಯಾದ ಐನ್‌ಮನೆಯಲ್ಲಿರುತ್ತವೆ, ಉಳಿದವರಲ್ಲಿಯೂ ಅನೇಕರು ತಮ್ಮ ತಮ್ಮ ಊರಿನ ಮನೆ ಸೇರಿರುತ್ತಾರೆ. ಎಲೆಗಳ ನೆರೆ ಕಟ್ಟುವುದು, ಗದ್ದೆಗಿಳಿದು ಕದಿರು ಕುಯ್ಯುವುದು, ಅದನ್ನು ಮನೆಗೆ ತಂದು ದೀಪದ ಮುಂದಿಡುವುದು, ಇವೆಲ್ಲ ಅಲ್ಲಿ ಆಗಬೇಕಾದ ಕೆಲಸ. ನಮ್ಮ ಭಾನುವಾರದ ಕೂಟ ಬರೀ ಸಂತೋಷಕ್ಕೆ: ಊಟ, ಮಕ್ಕಳ ಕೋಲಾಟ, ಹರಟೆ.

ಈ ಸಲ ಮೂರು ಮನೆಗಳಿಗೆ ಹೊಸಬರು ಬಂದಿದ್ದರು. ಅವರಿಗೆ ಸ್ವಾಗತದ ನಾಲ್ಕು ಮಾತು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮಲ್ಲಿ ಸ್ವಾಗತ ಭಾಷಣವೆಂದರೆ ಸಂಘದ ಪದಾಧಿಕಾರಿಗಳ ಹೆಸರು, ಹಿಂದಿನ ಪದಾಧಿಕಾರಿಗಳ ಹೆಸರು, ಜನರೇಟರ್ ಕೊಡಿಸಿದವರ ಹೆಸರು, ಆಮೇಲೆ ಕಸ ವಿಂಗಡಣೆಯ ನಿಯಮ. ಅಷ್ಟರಲ್ಲಿ ಅಕ್ಕಿತರಿಯ ಉಂಡೆ ಕಡಂಬುಟ್ಟು ಆರಿ ಗಟ್ಟಿಯಾಗಿರುತ್ತದೆ. ಹೊಸಬರು ಯಾರೆಂದು ಯಾರಿಗೂ ಗೊತ್ತಾಗಿರುವುದಿಲ್ಲ. ಪದಾಧಿಕಾರಿಗಳ ಪಟ್ಟಿಯನ್ನು ನನ್ನ ಮಾತಿನಿಂದ ಪೂರ್ತಿ ತೆಗೆಯುತ್ತೇನೆ, ವಂದನಾರ್ಪಣೆಯಲ್ಲಿ ಬೇಕಾದರೆ ಹೇಳಿಕೊಳ್ಳಿ ಎಂದು ಮೊದಲೇ ಕಾರ್ಯದರ್ಶಿಯವರಿಗೆ ಹೇಳಿ ಒಪ್ಪಿಸಿದೆ. ಇದನ್ನು ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು. ಮೈಕ್ ಹಿಡಿದ ಮೇಲೆ ಹೆಸರು ಬಿಟ್ಟರೆ ಅದು ಬೇಕೆಂದೇ ಬಿಟ್ಟ ಹಾಗೆ ಕಾಣುತ್ತದೆ.

ಎಲ್ಲಿಂದ ಶುರು ಮಾಡುವುದು ಎಂಬ ಪ್ರಶ್ನೆಗೆ ಹೊಸ ಮನೆಗಳಿಗೆ ಹೋದಾಗ ತಾನಾಗಿ ಉತ್ತರ ಸಿಕ್ಕಿತು. ಧಾರವಾಡ ಕಡೆಯಿಂದ ವರ್ಗವಾಗಿ ಬಂದವರ ಮನೆಯಲ್ಲಿ ಹೆಂಡತಿ ನನ್ನನ್ನು ಕೇಳಿದ ಮೊದಲ ಮಾತು, "ಅಕ್ಕಾ, ಗುರುವಾರ ರಾತ್ರಿ ಇಡೀ ಬಿಲ್ಡಿಂಗ್ ಕತ್ತಲಾಗಿತ್ತು, ಆಮೇಲೆ ಸುತ್ತಲೂ ಗುಂಡಿನ ಸದ್ದು. ಏನಾಯಿತು?" ಮಗು ಹೆದರಿ ಅತ್ತಿತ್ತಂತೆ. ನಾವೆಲ್ಲ ಬಾಗಿಲಿಗೆ ಬೀಗ ಹಾಕಿ ಊರಿಗೆ ಹೋಗಿದ್ದೆವು, ಇವರಿಗೆ ಒಂದು ಮಾತು ಹೇಳಿದವರಿಲ್ಲ. ಕೊಡಗಿನ ಸಂಸ್ಕೃತಿಯ ವೈಭವದಿಂದ ಭಾಷಣ ಶುರು ಮಾಡುವುದು ನಮ್ಮವರಿಗೆ ಇಷ್ಟ. ಆದರೆ ಈ ಮನೆಗೆ ಬೇಕಾಗಿದ್ದದ್ದು ಆ ರಾತ್ರಿಯ ವಿವರಣೆ. ಅಲ್ಲಿಂದಲೇ ಶುರು ಮಾಡುವುದೆಂದು ನಿಶ್ಚಯಿಸಿದೆ.

ಮನೆಗಳಿಗೆ ಹೋದಾಗ ನಾನು ಕೇಳಿದ್ದು ಮೂರೇ ವಿಷಯ. ನಿಮ್ಮನ್ನು ಏನೆಂದು ಕರೆಯಬೇಕು, ಎಲ್ಲಿಂದ ಬಂದಿರಿ ಎಂದು ಹೇಳಬಹುದೇ, ಹೇಳಬಾರದ್ದು ಏನಾದರೂ ಇದೆಯೇ. ಕೊನೆಯ ಪ್ರಶ್ನೆಯೇ ಹೆಚ್ಚು ಕೆಲಸಕ್ಕೆ ಬಂತು. ಒಂದು ಮನೆಯ ಗಂಡ ತಿಂಗಳಲ್ಲಿ ಹೆಚ್ಚು ದಿನ ಹೊರಗಿರುತ್ತಾರೆ. ಅದನ್ನು ಅರವತ್ತು ಜನರ ಮುಂದೆ ಹೇಳುವುದು ಬೇಡ ಎಂದರು, ಸರಿಯಾದ ಮಾತು. ಕೆಲಸ, ಜಾತಿ, ಸ್ವಂತ ಮನೆಯೋ ಬಾಡಿಗೆಯೋ ಎಂಬುದನ್ನು ನಾನು ಕೇಳಲೂ ಇಲ್ಲ. ಹೆಸರುಗಳನ್ನು ಅವರ ಬಾಯಿಂದಲೇ ಕೇಳಿ, ನಾನು ಹೇಳಿ ತೋರಿಸಿ, ಕಾರ್ಡಿನಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರದಂತೆಯೇ ಬರೆದುಕೊಂಡೆ. ಮಲಯಾಳದ ಹೆಸರುಗಳಲ್ಲಿ ಬರುವ ಒಂದು 'ಳ' ನನ್ನ ನಾಲಿಗೆಗೆ ಸುಲಭವಲ್ಲ, ಆ ಮನೆಯ ಹುಡುಗಿ ನಗುತ್ತಾ ತಿದ್ದಿ ಕೊಟ್ಟಳು.

ತೊಡಕಾಗಿದ್ದು ಮೂರನೆಯ ಮನೆ. ಅವರು ಕೊಡವರೇ. ಸೇನೆಯಲ್ಲಿದ್ದು ಉತ್ತರದ ಊರುಗಳಲ್ಲಿ ಬಹುಕಾಲ ಕಳೆದು ಈಗ ಮರಳಿದವರು. ಮಕ್ಕಳು ಹೆಚ್ಚು ಮಾತನಾಡುವುದು ಹಿಂದಿಯಲ್ಲಿ. ಇವರಿಗೆ 'ಕೊಡಗಿಗೆ ಸ್ವಾಗತ' ಎಂದರೆ ಅವರ ಅಂಗಳದಲ್ಲಿ ನಿಂತು ಅವರನ್ನೇ ಒಳಗೆ ಕರೆದಂತೆ. ಹಾಗೆಂದು ಇವರನ್ನು ಬಿಟ್ಟು ಉಳಿದಿಬ್ಬರನ್ನು ಮಾತ್ರ ಹೊಸಬರೆಂದರೂ ಸರಿಯಲ್ಲ, ಮಕ್ಕಳಿಗೆ ಇಲ್ಲಿ ಎಲ್ಲವೂ ಹೊಸದೇ. ಆದ್ದರಿಂದ ಇಡೀ ಭಾಷಣದಲ್ಲಿ 'ಕೊಡಗಿಗೆ' ಎಂಬುದನ್ನು ತೆಗೆದು 'ಈ ಕಟ್ಟಡಕ್ಕೆ' ಎಂದು ಮಾಡಿದೆ. ಕಟ್ಟಡಕ್ಕೆ ಮೂವರೂ ಒಂದೇ ಸಮ ಹೊಸಬರು.

ನಾನು ನಿಂತು ಓದಿದರೆ ನಿಮಿಷಕ್ಕೆ 80–90 ಪದ ಸಾಗುತ್ತದೆ. ಕನ್ನಡದಲ್ಲಿ ವಿಭಕ್ತಿ ಸೇರಿ ಪದಗಳು ಉದ್ದವಾಗುತ್ತವೆ, ಅದಕ್ಕಿಂತ ವೇಗವಾಗಿ ಓದಿದರೆ ಹಿಂದಿನ ಸಾಲಿಗೆ ಗದ್ದಲವಷ್ಟೇ ಕೇಳುತ್ತದೆ. ಹೀಗೆ ಲೆಕ್ಕ ಹಾಕಿ ಮೂರು ನಿಮಿಷ ಮೀರದಂತೆ ಬರೆದೆ. ಹೆಸರುಗಳನ್ನು ತೆಗೆದು, ಆಡಿದ್ದನ್ನು ಇಲ್ಲಿ ಕೊಡುತ್ತೇನೆ.

"ಎಲ್ಲರಿಗೂ ನಮಸ್ಕಾರ. ಊಟ ಬಿಸಿಯಾಗಿದೆ, ನನ್ನದು ಮೂರೇ ನಿಮಿಷ.

ಮೊನ್ನೆ ಗುರುವಾರ ರಾತ್ರಿ ಈ ಕಟ್ಟಡದಲ್ಲಿ ಮೂರ್ನಾಲ್ಕು ಮನೆಗಳಲ್ಲಿ ಮಾತ್ರ ದೀಪವಿತ್ತು. ಉಳಿದವರು ಹೇಳದೆ ಮಾಯವಾಗಿದ್ದೆವು. ಆಮೇಲೆ ಸುತ್ತಲಿನ ಗದ್ದೆಗಳ ಕಡೆಯಿಂದ ಗುಂಡಿನ ಸದ್ದು ಬಂತು. ಅದು ಜಗಳವಲ್ಲ, ಬೇಟೆಯೂ ಅಲ್ಲ. ಹೊಸ ಭತ್ತದ ಮೊದಲ ಕದಿರು ಕುಯ್ಯುವ ಹೊತ್ತಿಗೆ ಆಕಾಶಕ್ಕೆ ಗುಂಡು ಹಾರಿಸುವುದು ಇಲ್ಲಿನ ಪದ್ಧತಿ. ಅದರ ಹಿಂದೆಯೇ 'ಪೊಲಿ ಪೊಲಿ ದೇವಾ' ಎಂದು ಎಲ್ಲರೂ ಕೂಗುತ್ತಾರೆ, ಬೆಳೆ ಹೆಚ್ಚಲಿ ಎಂಬ ಬೇಡಿಕೆ. ಆ ದಿನವನ್ನೂ ಗಳಿಗೆಯನ್ನೂ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವರ ಸನ್ನಿಧಿಯಲ್ಲಿ ನಿಶ್ಚಯಿಸುತ್ತಾರೆ. ಪತ್ರಿಕೆಗಳಲ್ಲಿ ಮೊದಲೇ ಬರುತ್ತದೆ. ಮುಂದಿನ ವರ್ಷ ದಿನ ಪ್ರಕಟವಾದ ಕೂಡಲೇ ನಿಮ್ಮ ಮನೆಗೆ ನಾನೇ ಬಂದು ಹೇಳುತ್ತೇನೆ. ಗದ್ದೆ ನೋಡಬೇಕೆಂದರೆ ನಮ್ಮ ಜೊತೆ ಊರಿಗೆ ಬನ್ನಿ. ಇವತ್ತು ಗುಂಡಿಲ್ಲ ಮಕ್ಕಳೇ, ಕೋಲಿನ ಸದ್ದು ಮಾತ್ರ.

ಈ ಕಟ್ಟಡಕ್ಕೆ ಮೂರು ಮನೆಯವರು ಹೊಸದಾಗಿ ಬಂದಿದ್ದಾರೆ. ಎರಡನೇ ಮಹಡಿಗೆ ಧಾರವಾಡದಿಂದ ಬಂದವರು. ಅವರ ಮನೆಯ ರೊಟ್ಟಿ ಬಡಿಯುವ ಸದ್ದು ನಮಗೆ ಆಗಲೇ ಅಭ್ಯಾಸವಾಗಿದೆ. ಮೊದಲ ಮಹಡಿಗೆ ಇರಿಟ್ಟಿಯಿಂದ ಮಾಕುಟ್ಟದ ಘಾಟಿ ಹತ್ತಿ ಬಂದವರು. ಮೂರನೇ ಮಹಡಿಗೆ ಬಹಳ ವರ್ಷ ದೂರವಿದ್ದು ಈಗ ಮರಳಿ ಬಂದವರು. ಎದ್ದು ನಿಲ್ಲಬೇಕಾಗಿಲ್ಲ, ಕುಳಿತಲ್ಲಿಂದಲೇ ಕೈ ಎತ್ತಿದರೆ ಸಾಕು.

ಊಟದ ಬಗ್ಗೆ ಎರಡು ಮಾತು. ಮೆಟ್ಟಿಲ ಪಕ್ಕದ ಮೇಜು ಪೂರ್ತಿ ಸಸ್ಯಾಹಾರ. ಗೇಟಿನ ಪಕ್ಕದ್ದು ಕೋಳಿ. ಪಂದಿಕರಿ ಮಾತ್ರ ಹಿಂದಿನ ಮೂಲೆಯಲ್ಲಿ ಬೇರೆಯಾಗಿದೆ, ಅಲ್ಲಿನ ಸೌಟು, ಪಾತ್ರೆ ಈಚೆಗೆ ಬರುವುದಿಲ್ಲ. ತಂಬಿಟ್ಟು ಎಲ್ಲರಿಗೂ ಇದೆ. ಹುರಿದ ಅಕ್ಕಿಹಿಟ್ಟಿಗೆ ಬಾಳೆಹಣ್ಣು ಕಿವುಚಿ ಕಲಸಿದ್ದು. ತುಪ್ಪ, ಎಳ್ಳು, ಕಾಯಿತುರಿ ಹಾಕಿಕೊಂಡು ತಿನ್ನಿ. ಬೇಯಿಸಿದ ನೇರಳೆ ಬಣ್ಣದ್ದು ಹುತ್ತರಿ ಗೆಣಸು.

ಹೊಸ ಮೂರು ಮನೆಯವರು ದಯವಿಟ್ಟು ಮೊದಲು ತಟ್ಟೆ ತೆಗೆದುಕೊಳ್ಳಿ. ಬನ್ನಿ."

ಹೆಸರು ಹೇಳುವ ಕ್ರಮವನ್ನು ಮಹಡಿಯಿಂದಾಗಲಿ ಹುದ್ದೆಯಿಂದಾಗಲಿ ತೆಗೆದುಕೊಳ್ಳಲಿಲ್ಲ, ಯಾರು ಮೊದಲು ಬಂದರೋ ಅವರದು ಮೊದಲು. ಕೇಳಿದವರಿಗೆ ಕಾರಣ ಹೇಳಬಹುದಾದ ಕ್ರಮ ಅದೊಂದೇ. ರೊಟ್ಟಿಯ ಮಾತಿಗೆ ಆ ಮನೆಯವರ ಒಪ್ಪಿಗೆ ಪಡೆದಿದ್ದೆ. ಹೊಸಬರ ಬಗ್ಗೆ ತಮಾಷೆ ಮಾಡುವುದು ಅಪಾಯದ ಕೆಲಸ, ಅವರಿಗೆ ಮೊದಲೇ ಗೊತ್ತಿದ್ದರೆ ಮಾತ್ರ ಅವರೂ ನಗುತ್ತಾರೆ.

ಊಟದ ಸಾಲುಗಳನ್ನು ಭಾಷಣದಲ್ಲಿ ಸೇರಿಸಬೇಕೇ ಎಂದು ಮನೆಯಲ್ಲಿ ಚರ್ಚೆಯಾಯಿತು. ಯಜಮಾನರಿಗೆ ಅದು ಸ್ವಾಗತ ಭಾಷಣದ ಗಾಂಭೀರ್ಯಕ್ಕೆ ಹೊಂದಲಿಲ್ಲ. ನನ್ನ ಲೆಕ್ಕ ಬೇರೆ. ನಮ್ಮಲ್ಲಿ ಹುತ್ತರಿ ಊಟವೆಂದರೆ ಪಂದಿಕರಿ ಇದ್ದೇ ಇರುತ್ತದೆ. ಸಸ್ಯಾಹಾರಿಗಳು, ಹಂದಿ ಮಾಂಸ ತಿನ್ನದವರು ಯಾವ ಪಾತ್ರೆಯಲ್ಲಿ ಏನಿದೆ ಎಂದು ತಾವಾಗಿ ಕೇಳಲು ಸಂಕೋಚಪಡುತ್ತಾರೆ. ಕೇಳದೆ ಬರೀ ಅನ್ನ, ಮಜ್ಜಿಗೆ ಉಂಡು ಮೇಲೆ ಹೋದವರನ್ನು ನೋಡಿದ್ದೇನೆ. ಮೈಕಿನಲ್ಲಿ ಎಲ್ಲರಿಗೂ ಒಂದೇ ಸಲ ಹೇಳಿಬಿಟ್ಟರೆ ಯಾರೊಬ್ಬರನ್ನೂ ಎತ್ತಿ ತೋರಿಸಿದಂತಾಗುವುದಿಲ್ಲ. ಆದರೆ ಹೇಳಿದ ಮೇಲೆ ಅದು ನಿಜವಾಗಿರಬೇಕು. ಸೌಟುಗಳಿಗೆ ಬಣ್ಣದ ದಾರ ಕಟ್ಟಿ, ಬಡಿಸುವ ಹುಡುಗರಿಗೆ ಹೇಳಿ, ಭಾಷಣಕ್ಕೆ ಮುನ್ನ ನಾನೇ ಹೋಗಿ ಮೇಜುಗಳನ್ನು ನೋಡಿ ಬಂದೆ.

ಜಾಗದ ಬಗ್ಗೆ ಹೇಳುವುದು ಸ್ವಲ್ಪವೇ. ಡಿಸೆಂಬರಿನ ಸಂಜೆ ಬಯಲಿನಲ್ಲಿ ಕುರ್ಚಿಗಳು ಮಂಜಿಗೆ ಒದ್ದೆಯಾಗುತ್ತವೆ, ಆದ್ದರಿಂದ ಕೂಟ ನೆಲಮಹಡಿಯ ಪಾರ್ಕಿಂಗಿನಲ್ಲಿ. ತಗ್ಗಿನ ಸಿಮೆಂಟ್ ಚಾವಣಿಯ ಕೆಳಗೆ ಧ್ವನಿವರ್ಧಕ ಜೋರಾದರೆ ಮಾತು ಮಾತಿನ ಮೇಲೆ ಬಿದ್ದು ಒಂದಕ್ಷರ ತಿಳಿಯುವುದಿಲ್ಲ. ಸದ್ದು ತಗ್ಗಿಸಿ, ಮೈಕನ್ನು ಬಾಯಿಗೆ ಹತ್ತಿರ ಹಿಡಿದು, ವಾಕ್ಯದ ಕೊನೆಯಲ್ಲಿ ಒಂದು ಉಸಿರು ನಿಂತರೆ ಕೇಳಿಸುತ್ತದೆ. ಕೇಳಿಸುತ್ತಿಲ್ಲವೆಂಬುದು ಗೊತ್ತಾಗುವುದು ಹಿಂದಿನ ಸಾಲಿನವರು ಪಕ್ಕದವರ ಕಡೆ ತಿರುಗಿದಾಗ. ಆಗ ಸದ್ದು ಏರಿಸಬಾರದು, ವೇಗ ತಗ್ಗಿಸಬೇಕು.

ಮರಳಿ ಬಂದ ಮನೆಯ ಮಕ್ಕಳಿಗೆ ಮೈಕಿನಲ್ಲಿ ಹಿಂದಿ ಸಾಲು ಹೇಳುವ ಯೋಚನೆ ಬಂದು ಬಿಟ್ಟೆ. ಒಬ್ಬರಿಗೆ ಹಿಂದಿ ಎಂದರೆ ಇನ್ನೊಬ್ಬರಿಗೆ ಮಲಯಾಳ, ಮತ್ತೊಬ್ಬರಿಗೆ ತುಳು, ಮೂರು ನಿಮಿಷ ಅದಕ್ಕೇ ಹೋಗುತ್ತದೆ. ಬದಲಿಗೆ ಹಿಂದಿ ಚೆನ್ನಾಗಿ ಬರುವ ಪಕ್ಕದ ಮನೆಯ ಹೈಸ್ಕೂಲು ಹುಡುಗನನ್ನು ಆ ಮಕ್ಕಳ ನಡುವೆ ಕೂರಿಸಿದೆ. ಗುಂಡಿನ ಭಾಗ ಬಂದಾಗ ಅವನು ಕೈಯಲ್ಲೇ ಕೋವಿ ಮಾಡಿ ತೋರಿಸುತ್ತಿದ್ದ.

ಮಾತು ಮುಗಿಸಿದ ಕೂಡಲೇ ಮೈಕನ್ನು ಆರಿಸಿದೆ. ಯಾಕೆಂದರೆ ಕಸದ ಬುಟ್ಟಿಯ ವಿಷಯ ಹೇಳಲು ಒಬ್ಬರು ಆಗಲೇ ಕುರ್ಚಿಯಿಂದ ಎದ್ದಿದ್ದರು. ನಿಯಮಗಳನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಸೋಮವಾರ ಮೂರು ಮನೆಗೂ ಕೊಟ್ಟೆವು. ಕೂಟದ ರಾತ್ರಿ ನನ್ನ ಉಳಿದ ಕೆಲಸ ಊಟದ ಸಾಲಿನಲ್ಲಿತ್ತು. ಮೊದಲು ತಟ್ಟೆ ಹಿಡಿಯಲು ಹೊಸಬರು ಹಿಂಜರಿಯುತ್ತಾರೆ, ಯಾರಾದರೂ ಜೊತೆಯಲ್ಲಿ ನಿಲ್ಲಬೇಕು. ಪ್ರತಿ ಮನೆಗೆ ಅದೇ ಮಹಡಿಯ ಒಬ್ಬರನ್ನು ಮೊದಲೇ ಗೊತ್ತುಮಾಡಿದ್ದೆ. ಧಾರವಾಡದವರ ಜೊತೆ ನಾನೇ ನಿಂತೆ. ತಂಬಿಟ್ಟಿಗೆ ಯಾವ ಬಾಳೆಹಣ್ಣು, ಅಕ್ಕಿಯನ್ನು ಎಷ್ಟು ಕೆಂಪಗೆ ಹುರಿಯಬೇಕು ಎಂದು ಆಕೆ ಕೇಳುತ್ತಾ ಹೋದರು, ಹಿಂದಿನವರು ತಟ್ಟೆ ಹಿಡಿದು ಕಾಯುತ್ತಿದ್ದರು.