ಸಂದರ್ಶನದಿಂದ ಅಧ್ಯಾಯಕ್ಕೆ: ನಲಿ-ಕಲಿ ಶಿಕ್ಷಕರ ಮಾತುಗಳನ್ನು ನಾನು ಬರೆದ ಬಗೆ

ನಲಿ-ಕಲಿ ಎಂದರೆ ಕರ್ನಾಟಕದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಲ್ಲಿ ಮಕ್ಕಳು ತಂಡಗಳಲ್ಲಿ ಕೂತು ಕಾರ್ಡು, ಚಟುವಟಿಕೆಗಳ ಮೂಲಕ ಕಲಿಯುವ ಪದ್ಧತಿ. ನನ್ನ ಎಂ.ಎಡ್. ಪ್ರಬಂಧಕ್ಕಾಗಿ ಒಂದೇ ತಾಲ್ಲೂಕಿನ ಒಂಬತ್ತು ಮಂದಿ ನಲಿ-ಕಲಿ ಶಿಕ್ಷಕರನ್ನು ಸಂದರ್ಶಿಸಿ, ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸಿ, ಕೋಡಿಂಗ್, ಅಂದರೆ ಮಾತಿನ ಪ್ರತಿ ತುಣುಕಿಗೂ ಅದರ ಅರ್ಥ ಸೂಚಿಸುವ ಚಿಕ್ಕ ಹೆಸರು ಕೊಡುವ ಕೆಲಸ, ಮುಗಿಸಿದ್ದೆ. ಥೀಮ್ ಆಧಾರಿತ ವಿಶ್ಲೇಷಣೆಗೆ ಮನೋವಿಜ್ಞಾನಿಗಳಾದ ಬ್ರೌನ್ ಮತ್ತು ಕ್ಲಾರ್ಕ್ 2006ರಲ್ಲಿ ವಿವರಿಸಿದ ಆರು ಹಂತಗಳನ್ನು ಅನುಸರಿಸುತ್ತಿದ್ದುದರಿಂದ ಅಲ್ಲಿಯವರೆಗಿನ ದಾರಿ ಸ್ಪಷ್ಟವಾಗಿತ್ತು. ಕಷ್ಟವೆನಿಸಿದ್ದು ಆ ಕೋಡ್‌ಗಳಿಂದ ‘ಫಲಿತಾಂಶಗಳು’ ಮತ್ತು ‘ಚರ್ಚೆ’ ಅಧ್ಯಾಯವನ್ನು ಕಟ್ಟುವ ಕೆಲಸ.

ಸುಲಭದ ದಾರಿಯೆಂದರೆ ಸಂದರ್ಶನದ ಪ್ರಶ್ನೆಗಳನ್ನೇ ಉಪಶೀರ್ಷಿಕೆಗಳನ್ನಾಗಿಸಿ, ‘ತರಬೇತಿ’, ‘ಕಲಿಕಾ ಸಾಮಗ್ರಿ’, ‘ದಾಖಲೆ ನಿರ್ವಹಣೆ’ ಎಂಬ ತಲೆಬರಹಗಳ ಕೆಳಗೆ ಯಾರು ಏನು ಹೇಳಿದರೆಂದು ಜೋಡಿಸುವುದು. ನಮ್ಮ ವಿಭಾಗದ ಗ್ರಂಥಾಲಯದಲ್ಲಿ ನಾನು ತಿರುವಿಹಾಕಿದ ಬಹುಪಾಲು ಪ್ರಬಂಧಗಳು ಹೀಗೇ ಇದ್ದವು. ಆದರೆ ಥೀಮ್ ಎಂದರೆ ಹಲವು ಕೋಡ್‌ಗಳನ್ನು ಒಟ್ಟಿಗೆ ಹಿಡಿಯುವ ಅರ್ಥ; ‘ದಾಖಲೆ ನಿರ್ವಹಣೆ’ ಎಂಬುದು ಥೀಮ್ ಅಲ್ಲ, ಬರೀ ವಿಷಯದ ಹೆಸರು. ಅದರ ಬಗ್ಗೆ ಶಿಕ್ಷಕರು ಒಟ್ಟಾರೆ ಏನನ್ನು ಹೇಳುತ್ತಿದ್ದಾರೆ ಎಂಬುದು ಅದರಿಂದ ತಿಳಿಯುವುದಿಲ್ಲ. ಆದ್ದರಿಂದ ಪ್ರತಿಯೊಂದು ಥೀಮನ್ನೂ ಕ್ರಿಯಾಪದವಿರುವ, ಬೇರೊಬ್ಬರು ಒಪ್ಪದಿರಲು ಅವಕಾಶವಿರುವ ಪೂರ್ಣ ವಾಕ್ಯವಾಗಿ ಬರೆಯಬೇಕೆಂಬ ನಿಯಮ ಮಾಡಿಕೊಂಡೆ. ವಾಕ್ಯವಾಗಿ ನಿಲ್ಲಲಾರದ ಕೋಡ್‌ಗಳ ಗುಂಪನ್ನು ಒಡೆದು ಮತ್ತೆ ಹಂಚಿದೆ.

ಒಂದು ಉದಾಹರಣೆ ಕೊಡುತ್ತೇನೆ. ‘ಶಿ4’ ಎಂಬ ಗುರುತಿನ ಶಿಕ್ಷಕಿ, ಪ್ರತಿ ಮಗು ಎಲ್ಲಿಯವರೆಗೆ ಕಲಿತಿದೆ ಎಂದು ಗುರುತು ಹಾಕುವ ದಾಖಲೆಯಾದ ಪ್ರಗತಿ ನೋಟದ ಬಗ್ಗೆ ಹೀಗೆ ಹೇಳಿದರು: “ಮಗು ಕಾರ್ಡು ಮುಗಿಸ್ತು ಅಂತ ಆಗಲೇ ಗುರುತು ಹಾಕ್ತಾ ಕೂತ್ರೆ, ನನ್ನನ್ನೇ ನಂಬ್ಕೊಂಡಿರೋ ಮಕ್ಕಳನ್ನ ನೋಡೋರ್ಯಾರು ಸರ್? ಸಂಜೆ ಮಕ್ಕಳು ಹೋದ್ಮೇಲೆ ನೆನಪು ಮಾಡ್ಕೊಂಡು ಹಾಕ್ತೀನಿ.” ಈ ಮಾತಿಗೆ ‘ಗುರುತನ್ನು ಸಂಜೆಗೆ ಮುಂದೂಡುವುದು’, ‘ನೆನಪಿನಿಂದ ತುಂಬುವುದು’, ‘ಶಿಕ್ಷಕರ ನೆರವಿನ ತಂಡಕ್ಕೆ ಆದ್ಯತೆ’ ಎಂಬ ಮೂರು ಕೋಡ್‌ಗಳನ್ನು ಕೊಟ್ಟಿದ್ದೆ. ಇವೇ ಕೋಡ್‌ಗಳು ಬೇರೆ ಸಂದರ್ಶನಗಳಲ್ಲೂ ಜೊತೆಜೊತೆಯಾಗಿ ಕಂಡದ್ದರಿಂದ ಥೀಮ್ ಹೀಗಾಯಿತು: ‘ದಾಖಲೆ ಪಾಠವನ್ನು ಹಿಂಬಾಲಿಸುತ್ತದೆ, ಪಾಠಕ್ಕೆ ದಾರಿ ತೋರಿಸುವುದಿಲ್ಲ.’

ಇದಕ್ಕೆ ಒಗ್ಗದ ಸಂದರ್ಶನವೂ ಒಂದಿತ್ತು. ಮಕ್ಕಳ ಸಂಖ್ಯೆ ತೀರ ಕಡಿಮೆಯಿರುವ ಶಾಲೆಯ ‘ಶಿ7’ ಎಂಬವರು ಬೆಳಿಗ್ಗೆ ಪ್ರಗತಿ ನೋಟ ನೋಡಿಯೇ ತಂಡಗಳನ್ನು ಕೂರಿಸುತ್ತಿದ್ದರು. ಅವರನ್ನು ಅಡಿಟಿಪ್ಪಣಿಗೆ ತಳ್ಳದೆ, ಅದೇ ಥೀಮಿನೊಳಗೆ ಎರಡು ಪ್ಯಾರಾಗಳಲ್ಲಿ ಚರ್ಚಿಸಿದೆ. ಅದರಿಂದ ಥೀಮಿನ ವಿವರಣೆಯೇ ಬದಲಾಯಿತು: ದಾಖಲೆ ಹಿಂದೆ ಬೀಳುವುದನ್ನು ಶಿಕ್ಷಕರ ನಿರಾಸಕ್ತಿಗಿಂತ, ಒಬ್ಬರೇ ಏಕಕಾಲಕ್ಕೆ ನೋಡಬೇಕಾದ ಮಕ್ಕಳ ಸಂಖ್ಯೆಯ ಜೊತೆ ಇಟ್ಟು ಓದಬೇಕಾಯಿತು.

ಉಲ್ಲೇಖಗಳ ವಿಷಯದಲ್ಲಿ ಎರಡು ಎಚ್ಚರ ವಹಿಸಿದೆ. ಆಡುಮಾತನ್ನು ಗ್ರಂಥಸ್ಥ ಭಾಷೆಗೆ ತಿದ್ದಲಿಲ್ಲ. ಪ್ರತಿ ಶಿಕ್ಷಕರ ಲಿಂಗ, ಸೇವಾವಧಿ ಮತ್ತು ಶಾಲೆಯ ಗಾತ್ರವನ್ನು ಒಂದೇ ಸಾಲಿನಲ್ಲಿ ತೋರಿಸುವ ಕೋಷ್ಟಕವನ್ನೂ ಕೈಬಿಟ್ಟೆ, ಏಕೆಂದರೆ ಒಂದು ತಾಲ್ಲೂಕಿನೊಳಗೆ ಅಷ್ಟು ವಿವರವಿದ್ದರೆ ಹೆಸರಿಲ್ಲದಿದ್ದರೂ ಯಾರೆಂದು ಶಾಲೆಗಳಿಗೆ ಭೇಟಿ ಕೊಡುವ ಯಾವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಬೇಕಾದರೂ ಹೇಳಬಲ್ಲರು.

ಫಲಿತಾಂಶದಲ್ಲಿ ಶಿಕ್ಷಕರ ಮಾತು ಮತ್ತು ಅದರ ಓದು ಮಾತ್ರ ಇರಬೇಕು, ಹೊರಗಿನ ಪರಿಕಲ್ಪನೆಗಳು ಚರ್ಚೆಗೆ ಬರಬೇಕು ಎಂದು ಗೆರೆ ಎಳೆದುಕೊಂಡಿದ್ದೆ. ಚರ್ಚೆಯಲ್ಲಿ ಮೊದಲು ಈ ಥೀಮನ್ನು ನಲಿ-ಕಲಿಯ ವಿನ್ಯಾಸದ ಎದುರು ಇಟ್ಟೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಮಗು, ಚಟುವಟಿಕೆಗಳನ್ನು ಮೆಟ್ಟಿಲುಗಳಂತೆ ಜೋಡಿಸಿದ ಕಲಿಕಾ ಏಣಿಯ ಮೇಲೆ ತನ್ನದೇ ವೇಗದಲ್ಲಿ ಸಾಗುತ್ತದೆ. ಮಗು ಎಲ್ಲಿದೆ ಎಂಬುದರ ಮೇಲೆ ಅದರ ಮುಂದಿನ ಚಟುವಟಿಕೆ ಮತ್ತು ತಂಡ ನಿರ್ಧಾರವಾಗುತ್ತವೆ. ದಾಖಲೆ ಸಂಜೆಯ ಕೆಲಸವಾದರೆ ಈ ನಿರ್ಧಾರ ಶಿಕ್ಷಕರ ನೆನಪಿಗೆ ಬೀಳುತ್ತದೆ. ಬಳಿಕ, ಸಮಯ ಮತ್ತು ಸಂಪನ್ಮೂಲ ಸಾಲದ ಮುಂಚೂಣಿಯ ಸರ್ಕಾರಿ ನೌಕರರು ಕೆಲಸವನ್ನು ತಾವೇ ಸರಳಗೊಳಿಸಿಕೊಳ್ಳುವ ಬಗೆಯನ್ನು ಅಮೆರಿಕದ ರಾಜ್ಯಶಾಸ್ತ್ರಜ್ಞ ಮೈಕಲ್ ಲಿಪ್ಸ್ಕಿ 1980ರಲ್ಲಿ ವಿವರಿಸಿದ್ದರ ಜೊತೆ ಹೋಲಿಸಿದೆ. ಹೋಲಿಕೆ ಪೂರ್ತಿ ಹೊಂದಲಿಲ್ಲ: ‘ಶಿ4’ ತಮ್ಮ ಹೊರೆ ಇಳಿಸಿಕೊಂಡಿರಲಿಲ್ಲ, ಶಾಲಾ ಸಮಯದಿಂದ ಸಂಜೆಗೆ ಸರಿಸಿದ್ದರು. ಇದನ್ನೂ ಬರೆದೆ.

ಮಿತಿಗಳನ್ನು ಬರೆಯುವಾಗ ‘ಮಾದರಿ ಚಿಕ್ಕದು’ ಎಂಬ ವಾಡಿಕೆಯ ವಾಕ್ಯಕ್ಕಿಂತ ಮುಖ್ಯವಾದ ಮಾತೊಂದಿತ್ತು. ಸಂದರ್ಶನ ತಿಳಿಸುವುದು ಶಿಕ್ಷಕರು ಏನು ಮಾಡುತ್ತೇವೆಂದು ಹೇಳುತ್ತಾರೆ ಎಂಬುದನ್ನು. ತರಗತಿಯನ್ನು ನಾನು ವೀಕ್ಷಿಸಿರಲಿಲ್ಲ. ಕೆಲವರು ನನ್ನನ್ನು ಇಲಾಖೆಯ ಕಡೆಯವನೆಂದೇ ಭಾವಿಸಿ, ಮೊದಲ ಹತ್ತು ನಿಮಿಷ “ಎಲ್ಲಾ ಚೆನ್ನಾಗಿ ನಡೀತಿದೆ ಸರ್” ಎಂಬುದರಾಚೆ ಹೋಗಲಿಲ್ಲ. ಆ ಭಾಗದ ಮಾತುಗಳನ್ನು ಯಾವ ಥೀಮಿಗೂ ಏಕೈಕ ಆಧಾರವಾಗಿ ಬಳಸಿಲ್ಲ ಎಂದು ಸ್ಪಷ್ಟಪಡಿಸಿದೆ. ಶೇಕಡಾವಾರು ಲೆಕ್ಕವನ್ನೂ ಕೊಡಲಿಲ್ಲ, ಏಕೆಂದರೆ ಒಂದು ಸಂಗತಿಯನ್ನು ಪ್ರಸ್ತಾಪಿಸದ ಶಿಕ್ಷಕರು ಅದನ್ನು ಮಾಡುವುದಿಲ್ಲ ಎಂದಾಗುವುದಿಲ್ಲ.

ಇಂಥ ಪ್ರಬಂಧಗಳ ಕೊನೆಗೆ ‘ಹೆಚ್ಚಿನ ತರಬೇತಿ ನೀಡಬೇಕು’ ಎಂಬ ಶಿಫಾರಸು ಬರುವುದು ರೂಢಿ. ದಾಖಲೆಯನ್ನು ಹೇಗೆ ತುಂಬಬೇಕೆಂದು ತಿಳಿದಿಲ್ಲ ಎಂದು ಈ ಒಂಬತ್ತು ಮಂದಿಯಲ್ಲಿ ಯಾರೂ ಹೇಳಿರಲಿಲ್ಲವಾದ್ದರಿಂದ ಅದನ್ನು ಸೇರಿಸಲಿಲ್ಲ. ಒಂದು ತರಗತಿಯಲ್ಲಿ ಎಷ್ಟು ಮಕ್ಕಳವರೆಗೆ ಆಗಿಂದಾಗಲೇ ಗುರುತು ಹಾಕಲು ಸಾಧ್ಯವೆಂಬುದನ್ನು ತರಗತಿ ವೀಕ್ಷಣೆಯಿಂದ ತಿಳಿಯಬೇಕು ಎಂಬ ಒಂದೇ ಸಲಹೆಯನ್ನು ಬರೆದು ಅಧ್ಯಾಯವನ್ನು ನಿಲ್ಲಿಸಿದೆ.