ಡೆಲಿವರಿ ಫ್ರೀ ಕೊಡುವ ಮುಂಚೆ ನಾನು ಹಾಕಿದ ಲೆಕ್ಕ

ಧಾರವಾಡದ ನಮ್ಮ ಮನೆಯಲ್ಲಿ ಶೇಂಗಾ ಚಟ್ನಿ ಪುಡಿ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಕಾಲು ಕೆಜಿ ಪ್ಯಾಕೆಟ್‌ಗೆ ₹140. ಮೊದಲು ಎಷ್ಟೇ ತಗೊಂಡರೂ ಡೆಲಿವರಿಗೆ ₹80 ಬೇರೆ ತಗೊಳ್ಳುತ್ತಿದ್ದೆ. ಜನ ಪುಡಿ ಆರಿಸುತ್ತಿದ್ದರು, ವಿಳಾಸವನ್ನೂ ಹಾಕುತ್ತಿದ್ದರು, ಕೊನೆಗೆ ಆ ₹80 ಕಂಡ ಕೂಡಲೇ ಬಿಟ್ಟು ಹೋಗುತ್ತಿದ್ದರು. ಒಬ್ಬರು ಫೋನ್ ಮಾಡಿ ಕೇಳಿಯೇಬಿಟ್ಟರು: "ಅಕ್ಕಾರ, ಪುಡಿ ನೂರಾ ನಲವತ್ತು, ಕೊರಿಯರ್ ಎಂಬತ್ತು ಅಂದ್ರ ಹೆಂಗ್ರಿ?"

ಫ್ರೀ ಮಾಡಿಬಿಡೋಣ ಅನ್ನಿಸಿತು. ಆದರೆ ಕೊರಿಯರ್‌ನವರು ನನಗೇನು ಫ್ರೀ ಕೊಡಲ್ಲ, ಅಲ್ವಾ? ಹಳೇ ಬಿಲ್‌ಗಳನ್ನೆಲ್ಲ ಹರಡಿಕೊಂಡು ಕೂತೆ.

ಕೊರಿಯರ್ ದರ ಅರ್ಧ ಕೆಜಿ ಲೆಕ್ಕದಲ್ಲಿ ಏರುತ್ತದೆ. ಒಂದು ಪ್ಯಾಕೆಟ್ ಡಬ್ಬಿ ಸೇರಿ 330 ಗ್ರಾಂ ತೂಗುತ್ತದೆ, ಆದರೂ ಅರ್ಧ ಕೆಜಿ ದರ ಕಟ್ಟಬೇಕು. ನನಗೆ ಅದು ಜಿಎಸ್‌ಟಿ ಸೇರಿ ₹71. ಪುಡಿಯ ಖರ್ಚು ₹80, ಡಬ್ಬಿ ₹12. ಇದರಲ್ಲಿ ₹40 ಉಳಿಸಿಕೊಂಡು ಫ್ರೀ ಕೊಡಬೇಕೆಂದರೆ ಬೆಲೆ ₹203 ಆಗಬೇಕು. ₹140ರ ಪುಡಿಗೆ ಅಷ್ಟು ಯಾರು ಕೊಡುತ್ತಾರೆ? ಒಂದೇ ಪ್ಯಾಕೆಟ್‌ಗೆ ಫ್ರೀ ಬೇಡ ಎಂದು ಅಲ್ಲೇ ತೀರ್ಮಾನಿಸಿದೆ.

ಎರಡು ಪ್ಯಾಕೆಟ್ ಹಾಕಿದರೆ ತೂಕ ಅರ್ಧ ಕೆಜಿ ದಾಟಿ ಒಂದು ಕೆಜಿ ದರಕ್ಕೆ ಹೋಗುತ್ತದೆ, ಅಂದರೆ ₹118. ಮೂರು ಹಾಕಿದರೆ 860 ಗ್ರಾಂ, ಆಗಲೂ ಅದೇ ₹118. ಅಂದರೆ ಮೂರನೇ ಪ್ಯಾಕೆಟ್ ಕೊರಿಯರ್ ಖರ್ಚಿಲ್ಲದೆ ಹೋಗುತ್ತದೆ. ಫ್ರೀ ಕೊಡುವುದಾದರೆ ಮೂರರ ಕಟ್ಟಿಗೇ ಕೊಡಬೇಕು ಎಂದು ಗೊತ್ತಾಯಿತು. ನನಗೆ ಜಿಎಸ್‌ಟಿ ನೋಂದಣಿ ಇಲ್ಲ, ಹಾಗಾಗಿ ಕರ್ನಾಟಕದೊಳಗೆ ಮಾತ್ರ ಮಾರುತ್ತೇನೆ. ದೂರದ ರಾಜ್ಯಗಳ ದರ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಆದರೆ ಕೊರಿಯರ್ ಮೇಲಿನ 18% ತೆರಿಗೆ ವಾಪಸ್ ಸಿಗಲ್ಲ, ಅದು ಪೂರ್ತಿ ನನ್ನ ಖರ್ಚೇ.

ಇಷ್ಟು ದಿನ ನಾನು ಲೆಕ್ಕಕ್ಕೇ ಹಿಡಿಯದಿದ್ದದ್ದು ವಾಪಸ್ ಬರುವ ಡಬ್ಬಿಗಳನ್ನು. ಒಂದು ಸಲ ಬಂದ ಡಬ್ಬಿಯ ತಳ ಎಣ್ಣೆ ಹೀರಿ ಕೆಂಪಾಗಿತ್ತು. ಒಳಗೆ ಒಂದು ಪ್ಯಾಕೆಟ್ ಒಡೆದು, ಪುಡಿಯೆಲ್ಲ ಮೂಲೆಗೆ ಮೆತ್ತಿಕೊಂಡಿತ್ತು. ಒಡೆಯದೆ ಬಂದರೂ ಅಷ್ಟೇ, ಹತ್ತು ದಿನ ಊರೂರು ಸುತ್ತಿದ ತಿನ್ನೋ ಪದಾರ್ಥವನ್ನು ನಾನು ಇನ್ನೊಬ್ಬರಿಗೆ ಕಳಿಸಲ್ಲ. ಆದ್ದರಿಂದ ಮೂರರ ಕಟ್ಟು ವಾಪಸ್ ಬಂದರೆ ಪುಡಿ ₹240, ಡಬ್ಬಿ ₹15, ಹೋಗೋಕೆ ₹118, ಬರೋಕೆ ₹118, ಒಟ್ಟು ₹491 ಹೋದಂತೆ.

ಕ್ಯಾಶ್ ಆನ್ ಡೆಲಿವರಿಯಲ್ಲಿ ನನಗೆ 100ಕ್ಕೆ 14 ವಾಪಸ್ ಬರುತ್ತಿದ್ದವು. ಈ 14ರ ನಷ್ಟವನ್ನು ಮಿಕ್ಕ 86 ಆರ್ಡರ್ ಹೊರಬೇಕು, ಅಂದರೆ ತಲಾ ₹80. ಮೊದಲೇ ದುಡ್ಡು ಹಾಕಿದವರದ್ದು 100ಕ್ಕೆ 2 ಮಾತ್ರ, ತಲಾ ₹10. ಇದನ್ನು ಇಟ್ಟುಕೊಂಡು ಹಳೇ ಆರ್ಡರ್‌ಗಳನ್ನು ನೋಡಿದರೆ, ₹500 ಕೊಟ್ಟು ಮೂರು ಪ್ಯಾಕೆಟ್ ತರಿಸಿದ ಕ್ಯಾಶ್ ಗಿರಾಕಿಯಿಂದ ನನಗೆ ಉಳಿಯುತ್ತಿದ್ದದ್ದು ₹12. ಕೊರಿಯರ್‌ನವರು ಕ್ಯಾಶ್ ವಸೂಲಿಗೆ ಹಿಡಿಯುವ ₹35 ಸಹ ಅದರಲ್ಲೇ ಹೋಗುತ್ತಿತ್ತು. ನೋಡಿ ಸಂಕಟವಾಯಿತು. ಒಲೆ ಮುಂದೆ ನಿಂತು ಶೇಂಗಾ ಹುರಿದ ಕೂಲಿಯೇ ಅದಕ್ಕಿಂತ ಜಾಸ್ತಿ.

ಹಾಗಾಗಿ ಮೊದಲೇ ದುಡ್ಡು ಕಟ್ಟಿದರೆ ಮೂರರ ಕಟ್ಟು ₹499, ಡೆಲಿವರಿ ಫ್ರೀ ಎಂದು ಇಟ್ಟೆ. ಪುಡಿ 240, ಡಬ್ಬಿ 15, ಕೊರಿಯರ್ 118, ವಾಪಸಾತಿ ಪಾಲು 10, ಆನ್‌ಲೈನ್ ಪಾವತಿ ಶುಲ್ಕ 12 ಕಳೆದರೆ ₹104 ಉಳಿಯುತ್ತದೆ. ಗಿರಾಕಿ ಮೊದಲು 420ಕ್ಕೆ 80 ಸೇರಿಸಿ ₹500 ಕೊಡುತ್ತಿದ್ದರು, ಈಗಲೂ ಹೆಚ್ಚುಕಮ್ಮಿ ಅಷ್ಟೇ. ಕೊನೆಯಲ್ಲಿ ಬೇರೆ ಮೊತ್ತ ಎದ್ದು ಬರುವುದು ಮಾತ್ರ ನಿಂತಿತು, ಅರ್ಧಕ್ಕೆ ಬಿಟ್ಟು ಹೋಗುವವರು ಕಮ್ಮಿಯಾದರು. ಕ್ಯಾಶ್ ಬೇಕೆಂದವರಿಗೆ ₹50 ಜಾಸ್ತಿ ಹಾಕಿದೆ, ಕಳಿಸುವ ಮುಂಚೆ ಒಂದು ಫೋನ್ ಕೂಡ ಮಾಡುತ್ತೇನೆ. ಅಲ್ಲಿ ಹಳೇ ಲೆಕ್ಕದಲ್ಲೇ ₹61 ಉಳಿಯುತ್ತದೆ. ಒಂಟಿ ಪ್ಯಾಕೆಟ್‌ಗೆ ಡೆಲಿವರಿ ದುಡ್ಡು ಮೊದಲಿನಂತೆಯೇ ಇದೆ.

ಶುರುವಿನಲ್ಲಿ ಒಂದು ತಪ್ಪು ಮಾಡಿದೆ. ಮನೆಯಲ್ಲಿದ್ದ 30, 25, 12 ಸೆಂ.ಮೀ. ಅಳತೆಯ ಡಬ್ಬಿಗಳಲ್ಲೇ ಕಟ್ಟು ಕಳಿಸಿದೆ. ಕೊರಿಯರ್‌ನವರು ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುತ್ತಾರೆ, ಬಂದ ಸಂಖ್ಯೆ ತೂಕಕ್ಕಿಂತ ಜಾಸ್ತಿ ಇದ್ದರೆ ಅದನ್ನೇ ಕೆಜಿ ಎಂದು ಹಿಡಿಯುತ್ತಾರೆ. ನನ್ನ 860 ಗ್ರಾಂ ಅವರಿಗೆ 1.8 ಕೆಜಿ ಆಯಿತು. ಎರಡು ಕೆಜಿ ದರ ಬಿತ್ತು, ಆ ಬಿಲ್ ಕೈಗೆ ಬಂದದ್ದು ಮೂರು ವಾರದ ನಂತರ. ಈಗ 20, 15, 12ರ ಡಬ್ಬಿ ಮಾಡಿಸಿದ್ದೇನೆ, ಅದು 0.72 ಬರುತ್ತದೆ. ತಿಂಗಳ ಬಿಲ್ ಬಂದಾಗ ಪ್ರತಿ ಸಾಲಿನಲ್ಲಿ ಎಷ್ಟು ಕೆಜಿ ಹಿಡಿದಿದ್ದಾರೆ ಎಂದು ನೋಡುತ್ತೇನೆ, ವಾಪಸ್ ಬಂದ ಡಬ್ಬಿಗಳನ್ನು ಎಣಿಸಿ ಪಕ್ಕದಲ್ಲೇ ಬರೆದಿಡುತ್ತೇನೆ.